ಬಡ್ಡಿ ಇಲ್ಲದ ಚೀಟಿಲಿ ಕೊನೆಯವ್ರಿಗೆ ಆಗೋ ಲಾಸ್ ಹೆಂಗೆ ಸರಿ ಮಾಡೋದು? ಸಹಾಯ ಬೇಕು

ನಮ್ ಬೀದಿಲಿ 12 ಜನ ಸೇರಿ ಚೀಟಿ ಹಾಕಿದೀವಿ, ತಿಂಗಳಿಗೆ 5000, ಕೈಗೆ 60,000. ಹರಾಜು ಇಲ್ಲ, ಬಡ್ಡಿ ಇಲ್ಲ, ಸ್ಟೀಲ್ ಡಬ್ಬಿಲಿ ಹೆಸರು ಬರೆದ ಚೀಟಿ ಹಾಕಿ ಮಗು ಕೈಲಿ ಎತ್ತಿಸ್ತೀವಿ. ಎಲ್ರೂ ಕಟ್ಟೋದು 60,000, ತಗೊಳೋದೂ 60,000, ಹಂಗಾಗಿ ಯಾರಿಗೂ ಲಾಸ್ ಇಲ್ಲ ಅಂದ್ಕೊಂಡಿದ್ದೆ.

ಈ ಸಲ ಪಕ್ಕದ್ಮನೆ ಅಕ್ಕಂಗೆ 12ನೇ ತಿಂಗಳು ಬಂತು, ಪಾಪ ಮುಖ ಸಪ್ಪಗೆ ಮಾಡ್ಕೊಂಡ್ರು, ಆಗ ಕೂತು ಲೆಕ್ಕ ಹಾಕ್ದೆ. ಅದೇ ದುಡ್ಡು ವರ್ಷಕ್ಕೆ 6% ಬಡ್ಡಿಗೆ ಆರ್‌ಡಿ ಕಟ್ಟಿದ್ರೆ ಅವ್ರಿಗೆ ಸುಮಾರು 1650 ಬರ್ತಿತ್ತು. ಮೊದಲನೇ ತಿಂಗಳು ಎತ್ತಿದೋರಿಗೆ 55,000 ಬಡ್ಡಿ ಇಲ್ಲದ ಸಾಲ ಸಿಕ್ಕಂಗೆ, ಹೊರಗೆ ನೂರಕ್ಕೆ 2 ರೂಪಾಯಿ ಬಡ್ಡಿಗೆ ತಂದು ಹಿಂಗೇ ಕಂತಲ್ಲಿ ತೀರ್ಸಿದ್ರೆ 6600 ಬಡ್ಡಿನೇ ಆಗ್ತಿತ್ತು. 6, 7ನೇ ತಿಂಗಳೋರಿಗೆ ಹೆಚ್ಚುಕಮ್ಮಿ ಸಮ. ಜೊತೆಗೆ ಮುಂಚೆ ಎತ್ತಿದೋರು ಮಧ್ಯದಲ್ಲಿ ಕಟ್ಟೋದು ನಿಲ್ಲಿಸಿದ್ರೆ ಏಟು ಬೀಳೋದೂ ಕೊನೆಯೋರಿಗೇ.

ಮುಂದಿನ ರೌಂಡಲ್ಲಿ ಆರ್ಡರ್ ಉಲ್ಟಾ ಮಾಡೋಣ ಅಂತಿದೀನಿ, ಆದ್ರೆ ಈಗ ಎತ್ತಿದೋರು ಆಮೇಲೆ ಬರಲ್ಲ ಅಂದ್ರೆ? ಇಲ್ಲಾಂದ್ರೆ ಮೊದಲನೆಯವ್ರು 1650 ಕಮ್ಮಿ ತಗೊಂಡು ಅದನ್ನ ಕೊನೆಯೋರಿಗೆ ಕೊಡೋದಾ? ಹಿಂಗೆ ನಡೆಸಿರೋರು ಇದ್ರೆ ದಯವಿಟ್ಟು ಹೇಳಿ, ಭಾನುವಾರ ಎಲ್ರೂ ಸೇರ್ತೀವಿ.