x⁶ − 64: ಘನ ಅಂತ ಹಿಡಿದರೆ ಮಗಳು ಅರ್ಧಕ್ಕೇ ನಿಂತಳು

ಪ್ರಶ್ನೆ (ಡೊಂಬಿವಲಿಯಿಂದ ಒಬ್ಬ ತಾಯಿ): ಮಗಳು ಒಂಬತ್ತನೇ ಕ್ಲಾಸು. ಕ್ಲಾಸ್ ಟೆಸ್ಟಲ್ಲಿ x⁶ − 64ರ ಅಪವರ್ತನ ಮಾಡಲು ಕೊಟ್ಟಿದ್ದರು. ಇವಳು ಘನಗಳ ವ್ಯತ್ಯಾಸ ಅಂತ (x² − 4)(x⁴ + 4x² + 16) ಬರೆದು, ಆಮೇಲೆ ಮೊದಲನೇ ಬ್ರಾಕೆಟ್ಟನ್ನು (x − 2)(x + 2) ಮಾಡಿ ಬಿಟ್ಟಿದ್ದಾಳೆ. ಅರ್ಧ ಮಾರ್ಕ್ಸ್ ಹೋಯಿತು. ಸರಿಯುತ್ತರದಲ್ಲಿ ನಾಲ್ಕು ಬ್ರಾಕೆಟ್ ಇದೆಯಂತೆ. ಆದರೆ a² + ab + b² ಇನ್ನು ಒಡೆಯೋದಿಲ್ಲ ಅಂತ ಕಲಿಸಿದ್ದು ಆ ಟೀಚರೇ! ಇವಳು ಮಾಡಿದ್ದು ತಪ್ಪಾ?

ಪುಣೆಯಿಂದ ಒಬ್ಬರು: ಮೇಡಂ, ಶುರುವಿನಲ್ಲೇ ತಪ್ಪಿದೆ ಅನಿಸುತ್ತೆ. ಘನ ಅಂದಮೇಲೆ 3a²b, 3ab² ಬರಬೇಕಲ್ಲ? ನಮ್ಮ ಕಾಲದಲ್ಲಿ ನಾಲ್ಕು ಪದ ಬರೀತಿದ್ವಿ. ಮಗಳು ಎರಡನ್ನು ಬಿಟ್ಟಿದ್ದಾಳೆ.

ಮುಲುಂಡ್‌ನಿಂದ, ಗಣಿತದ ಕ್ಲಾಸ್ ನಡೆಸುವವರು: ಸರ್, ನೀವು ಹೇಳಿದ್ದು (a − b)³. ಇಲ್ಲಿರೋದು a³ − b³, ಅದು ಬೇರೆ. 5 ಮತ್ತು 2 ಹಾಕಿ ನೋಡಿ: 125 − 8 ಅಂದರೆ 117, ಆದರೆ 5 − 2ರ ಘನ ಬರೀ 27. ಆ 117 ಅಂದರೆ 3 × 39, ಆ 39 ಬಂದಿದ್ದು 25 + 10 + 4ರಿಂದ.

ಅಕ್ಕಾ, ನಿಮ್ಮ ಮಗಳು ಬರೆದ ಒಂದು ಸಾಲೂ ತಪ್ಪಲ್ಲ. ಅವಳು ನಿಂತ ಜಾಗ ಮಾತ್ರ ತಪ್ಪು. ಟೀಚರ್ ಹೇಳಿದ ಮಾತೂ ಸುಳ್ಳಲ್ಲ, ಆದರೆ ಅದು a, b ಬರೀ ಅಕ್ಷರಗಳಾಗಿದ್ದಾಗಿನ ಮಾತು. ಇಲ್ಲಿ a ಜಾಗದಲ್ಲಿ x² ಕೂತಿದೆ, b ಜಾಗದಲ್ಲಿ 4. ಎರಡೂ ಒಳಗೆ ವರ್ಗವನ್ನು ಬಚ್ಚಿಟ್ಟುಕೊಂಡಿವೆ. ಅದಕ್ಕೇ x⁴ + 4x² + 16 ಇನ್ನೂ ಒಡೆಯುತ್ತದೆ.

ಹೇಗೆ ಅಂದರೆ, ಮೊದಲ ಮತ್ತು ಕೊನೆಯ ಪದ ನೋಡಿ: x⁴ ಮತ್ತು 16. ಇವು (x² + 4)²ನ ಎರಡು ತುದಿಗಳು. ಆದರೆ ಆ ವರ್ಗಕ್ಕೆ ಮಧ್ಯದಲ್ಲಿ 8x² ಬೇಕು, ನಮ್ಮ ಹತ್ತಿರ ಇರೋದು 4x². ಕೊರತೆ 4x². ಈ ಕೊರತೆಯೇ 2xನ ವರ್ಗ ಅನ್ನೋದು ಇಲ್ಲಿನ ಗುಟ್ಟು. ಹಾಗಾಗಿ

x⁴ + 4x² + 16 = (x² + 4)² − (2x)² = (x² + 2x + 4)(x² − 2x + 4)

ಒಟ್ಟು ನಾಲ್ಕು ಬ್ರಾಕೆಟ್ ಆಯ್ತು.

ಇಷ್ಟು ಸುತ್ತು ಬೇಕಿರಲಿಲ್ಲ. 64 ಕಂಡ ಕೂಡಲೇ ಅನುಮಾನ ಬರಬೇಕು. ಅದು 4ರ ಘನವೂ ಹೌದು, 8ರ ವರ್ಗವೂ ಹೌದು. ಸಾವಿರದೊಳಗೆ ಹೀಗೆ ಎರಡೂ ಆಗುವ ಸಂಖ್ಯೆ ಮೂರೇ: 1, 64, 729. ಘಾತ 6 ಇದ್ದು, ಮಧ್ಯೆ ವ್ಯತ್ಯಾಸದ ಚಿಹ್ನೆ ಇದ್ದು, ಇವುಗಳಲ್ಲೊಂದು ಕೂತಿದ್ದರೆ ಮೊದಲು ವರ್ಗವಾಗಿ ಒಡೆಯಿರಿ: (x³ − 8)(x³ + 8). ಈಗ ಒಂದಕ್ಕೆ ಘನಗಳ ವ್ಯತ್ಯಾಸ, ಇನ್ನೊಂದಕ್ಕೆ ಘನಗಳ ಮೊತ್ತ. ನಾಲ್ಕು ಬ್ರಾಕೆಟ್ ತಾವಾಗಿ ಬರುತ್ತವೆ, ಆ ಕೊರತೆಯ ಕಸರತ್ತೇ ಬೇಡ.

ಒಂದು ಎಚ್ಚರ. ಮಕ್ಕಳು x = 1 ಹಾಕಿ ತಾಳೆ ನೋಡುತ್ತಾರೆ: ಎಡಕ್ಕೆ −63, ಮಗಳ ಉತ್ತರಕ್ಕೂ (−1)(3)(21) = −63. ತಾಳೆಯಾಯ್ತು ಅಂತ ಪೆನ್ ಕೆಳಗಿಡುತ್ತಾರೆ. ತಾಳೆ ಹೇಳೋದು ಬೆಲೆ ಸರಿ ಅಂತ ಮಾತ್ರ, ಮುಗಿದಿದೆ ಅಂತಲ್ಲ. ಆದರೆ ತಪ್ಪು ಪದ ಹಿಡಿಯಲು ಅದು ಚೆನ್ನಾಗಿ ಕೆಲಸ ಮಾಡುತ್ತದೆ. x³ − 8ಕ್ಕೆ ಎಷ್ಟೋ ಮಕ್ಕಳು (x − 2)(x² + 4x + 4) ಬರೆಯುತ್ತಾರೆ, ವರ್ಗದ ಸೂತ್ರದ 2ab ಕೈಗೆ ಅಂಟಿಕೊಂಡಿರುತ್ತದೆ. x = 1 ಹಾಕಿದರೆ −7 ಬರಬೇಕಾದಲ್ಲಿ −9 ಬರುತ್ತದೆ. ಅಲ್ಲೇ ಸಿಕ್ಕಿಬೀಳುತ್ತಾರೆ.

ಠಾಣೆಯಿಂದ, ಹನ್ನೊಂದನೇ ಕ್ಲಾಸ್ ವಿದ್ಯಾರ್ಥಿ: ಸರ್, ಹಾಗಾದರೆ x⁶ + 64 ಕೂಡ ಹೀಗೇ ನಾಲ್ಕು ಬ್ರಾಕೆಟ್ ಅಲ್ವಾ? ಚಿಹ್ನೆ ಮಾತ್ರ ಬದಲು.

ಮುಲುಂಡ್‌ನವರು: ಅರ್ಧ ಸರಿ ಮರಿ. ಮೊತ್ತಕ್ಕೆ ವರ್ಗದ ದಾರಿ ಮುಚ್ಚಿದೆ, ಘನದ ದಾರಿ ಒಂದೇ: (x² + 4)(x⁴ − 4x² + 16). ಈಗ ಕೊರತೆ ಲೆಕ್ಕ ಹಾಕು. 8x² ಬೇಕು, ಇರೋದು −4x², ಕೊರತೆ 12x². ಹನ್ನೆರಡು ಯಾವ ಪೂರ್ಣ ಸಂಖ್ಯೆಯ ವರ್ಗವೂ ಅಲ್ಲ, ಭಿನ್ನರಾಶಿಯದ್ದೂ ಅಲ್ಲ. (x² − 4)² ಕಡೆಯಿಂದ ಹೋದರೆ 4x² ಕೂಡಿಸಬೇಕಾಗುತ್ತದೆ, ಆಗ ವರ್ಗಗಳ ಮೊತ್ತ ಆಗಿಬಿಡುತ್ತದೆ, ಒಡೆಯೋದಿಲ್ಲ. ಎರಡೇ ಬ್ರಾಕೆಟ್ಟಿಗೆ ನಿಲ್ಲು. x⁶ − 27 ಕೂಡ ಹಾಗೇ, ಅಲ್ಲಿ ಕೊರತೆ 3x².

ವಿದ್ಯಾರ್ಥಿ: √12 ಅಂದರೆ 2√3 ತಗೊಂಡರೆ? (x² + 2√3x + 4)(x² − 2√3x + 4) ಬರುತ್ತಲ್ಲ.

ಮುಲುಂಡ್‌ನವರು: ಬರುತ್ತೆ, ಸರಿಯಾಗಿಯೇ ಇದೆ. ಒಂಬತ್ತನೇ ಕ್ಲಾಸಿನ ಪ್ರಶ್ನೆಗೆ ಅಷ್ಟು ದೂರ ಹೋಗಬೇಕಾ ಅನ್ನೋದು ಬೇರೆ ಮಾತು.

ವಾಶಿಯಿಂದ, ಒಬ್ಬ ತಂದೆ: ನನ್ನದೊಂದು ಬೇರೆ ಗೋಳು. ಮಗ ಮರಾಠಿ ಮೀಡಿಯಂ. ಅಲ್ಲಿ ಅಪವರ್ತನಕ್ಕೆ ‘ಅವಯವ’ ಅಂತಾರೆ. ‘x³ + 3x² + 3x − 7ರ ಅವಯವ ಹೇಳಿಕೊಡಿ’ ಅಂದ. ನಮಗೆ ಅವಯವ ಅಂದರೆ ಕೈಕಾಲು! ನಗು ಮುಗಿದ ಮೇಲೆ ನೋಡಿದರೆ ಇದರಲ್ಲಿ ಘನಗಳ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಅವನ ಶೀಟಲ್ಲಿ ಆ ಹೆಡಿಂಗ್ ಕೆಳಗೇ ಇದೆ.

ಮುಲುಂಡ್‌ನವರು: ಅಣ್ಣಾ, ಇದು ವೇಷ ಹಾಕಿಕೊಂಡಿರೋ ಲೆಕ್ಕ. ಗುರುತು 1, 3, 3. (x + 1)³ ಬಿಡಿಸಿದರೆ ಬರೋದು x³ + 3x² + 3x + 1. ಕೊನೆಯಲ್ಲಿ 1 ಇರಬೇಕಾದ ಕಡೆ −7 ಇದೆ, ಅಂದರೆ 8 ಕಮ್ಮಿ. 8 ಸ್ವತಃ ಘನ. ಹಾಗಾಗಿ ಇದು (x + 1)³ − 2³. ಮೊದಲ ಬ್ರಾಕೆಟ್ x + 1 − 2, ಅಂದರೆ x − 1. ಎರಡನೆಯದು (x + 1)² + 2(x + 1) + 4, ಕೂಡಿಸಿದರೆ x² + 4x + 7. ಇಲ್ಲಿ ಹೆಚ್ಚಿನ ಮಕ್ಕಳು ಜಾರೋದು ಮಧ್ಯದ ಪದದಲ್ಲಿ. 2(x + 1) ಬರೆಯುವ ಬದಲು ಬರೀ 2x ಬರೆದು ಮುಗಿಸುತ್ತಾರೆ, ಕೊನೆಗೆ 7 ಬದಲು 5 ಬರುತ್ತದೆ.

ವಾಶಿಯವರು: x = 1 ಹಾಕಿದರೆ 1 + 3 + 3 − 7 = 0. ಹಾಗಾದರೆ x − 1 ಅಪವರ್ತನ ಅಂತ ನೇರ ಹೇಳಿ ಭಾಗಿಸಬಹುದಿತ್ತಲ್ಲ? ಘನ ಯಾಕೆ?

ಮುಲುಂಡ್‌ನವರು: ಹೇಳಬಹುದು, ನಾನಾದರೂ ಮೊದಲು ಅದೇ ನೋಡುತ್ತಿದ್ದೆ. ಶೀಟಿನ ಹೆಡಿಂಗ್ ಅದಾಗಿದ್ದರಿಂದ ಘನದ ದಾರಿ ತೋರಿಸಿದೆ.

ಡೊಂಬಿವಲಿಯ ತಾಯಿ: ಮಗಳಿಗೆ ಓದಿ ಹೇಳಿದೆ. ‘ನಾನು ಬರೆದದ್ದೂ ಸರಿ ಅಂದರೆ ಅರ್ಧ ಮಾರ್ಕ್ಸ್ ಯಾಕೆ ಕಟ್?’ ಅಂತ ಇನ್ನೂ ಮುಖ ಊದಿಸಿಕೊಂಡಿದ್ದಾಳೆ.

ಮುಲುಂಡ್‌ನವರು: ನಾನಾಗಿದ್ದರೆ ಪ್ರಶ್ನೆಯಲ್ಲಿ ‘ಪೂರ್ತಿ’ ಅಂತ ಇತ್ತಾ ಅಂತ ನೋಡುತ್ತಿದ್ದೆ. ಇದ್ದರೆ ಕತ್ತರಿಸುತ್ತಿದ್ದೆ.

ಪುಣೆಯವರು: ನಾನು ಕತ್ತರಿಸುತ್ತಿರಲಿಲ್ಲ. ಸೂತ್ರ ಸರಿಯಾಗಿ ಹಾಕಿದ್ದಾಳಲ್ಲ, ನನಗಿಂತ ಚೆನ್ನಾಗಿ.