ಸೆಟಲ್‌ಮೆಂಟ್ ಒಂದು Failed, ಉಳಿದದ್ದು On hold

ಪ್ರಶ್ನೆ: ವ್ಯಾಪಾರ ಮೊದಲು ನನ್ನ ಹೆಸರಲ್ಲಿತ್ತು, ಈಗ ಕಂಪನಿ ಮಾಡಿದ್ದೇನೆ. ಆನ್‌ಲೈನ್ ಪಾವತಿ ಪಡೆದು ನನ್ನ ಖಾತೆಗೆ ಹಾಕುವ ಪೇಮೆಂಟ್ ಗೇಟ್‌ವೇಯಲ್ಲಿ ಹೆಸರು ಬದಲಿಸಿದ ಮೇಲೆ ಒಂದು ಸೆಟಲ್‌ಮೆಂಟ್ Failed, ನಂತರದ್ದು On hold. ಅದೇ ವಾರ ಮಾಮೂಲಿಗಿಂತ ಬಹಳ ದೊಡ್ಡ ಆರ್ಡರ್‌ಗಳೂ ಬಂದಿದ್ದವು. ಏನು ಮಾಡಲಿ?

ಗಲ್ಲಾಪೆಟ್ಟಿಗೆ: ಹೆಸರು ತಾಳೆ ಆಗಿಲ್ಲ, ಅಷ್ಟೇ. ಕಂಪನಿ ಹೆಸರಲ್ಲಿ ಹೊಸ ಖಾತೆ ತೆಗೆದು ಇವತ್ತೇ ಸೇರಿಸಿ, ಎರಡೂ ಸರಿಹೋಗುತ್ತೆ.

ಲೆಕ್ಕತಪಾಸಣೆ: ಖಾತೆ ಬೇಕು ಅನ್ನೋದು ಸರಿ, ಇವತ್ತೇ ಬೇಡ. ಎಷ್ಟೋ ಕಡೆ ಬ್ಯಾಂಕ್ ಹಣ ಜಮಾ ಮಾಡೋದು ಖಾತೆ ಸಂಖ್ಯೆ ನೋಡಿ. ಹೆಸರು ತಾಳೆ ನೋಡೋದು ಹೆಚ್ಚಾಗಿ ಗೇಟ್‌ವೇಯೇ. ಹಾಗಾಗಿ Failed ಆದದ್ದಕ್ಕೆ ಬ್ಯಾಂಕ್ ಕೊಟ್ಟ ಕಾರಣ ಏನು ಅಂತ ಸಪೋರ್ಟ್‌ನಲ್ಲಿ ಕೇಳಿ. ಖಾತೆ ಮುಚ್ಚಿದೆ, ಸಂಖ್ಯೆ ತಪ್ಪು, ಜಮಾಕ್ಕೆ ತಡೆ ಇದೆ: ಒಂದೊಂದಕ್ಕೂ ಪರಿಹಾರ ಬೇರೆ.

ಆಮೇಲೆ On hold ಯಾವುದರ ಮೇಲಿದೆ ನೋಡಿ. ಪೂರ್ತಿ ಬಾಕಿ ನಿಂತಿದ್ದರೆ ಬಹುಶಃ ಹಣ ವಾಪಸ್ ಬಂದ ಕಾರಣಕ್ಕೆ ಮುಂದಿನದನ್ನೂ ತಡೆದಿದ್ದಾರೆ. ಕೆಲವು ಪಾವತಿಗಳು ಮಾತ್ರ ನಿಂತಿದ್ದರೆ ಅದು ರಿಸ್ಕ್ ತಂಡದ ಕೆಲಸ. ಪರಿಶೀಲನೆ ನಡೆಯುವಾಗ ಖಾತೆ ಬದಲಿಸಿದರೆ, ಯಾರೋ ಲಾಗಿನ್ ಕದ್ದು ಹಣ ತಿರುಗಿಸುತ್ತಿದ್ದಾರೆ ಅನ್ನೋ ಅನುಮಾನಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ.

ಸಂಜೆಗ್ರಾಹಕ: ನನಗೂ ಹೀಗೇ, ರೀಫಂಡ್ ಇನ್ನೂ ಬಂದಿಲ್ಲ!

ಲೆಕ್ಕತಪಾಸಣೆ: ನಿಮ್ಮದು ಕೊಂಡವರ ಕಡೆಯ ವಿಷಯ, ಮಾರಿದವರನ್ನೇ ಕೇಳಬೇಕು.

ಪ್ರಶ್ನೆ ಕೇಳಿದವರು: ನೋಡಿದೆ. ಮೂರು ದೊಡ್ಡ ಪಾವತಿ ಮಾತ್ರ On hold. Failed ಆದದ್ದಕ್ಕೆ ಕಾರಣ: ಖಾತೆ ಮುಚ್ಚಿದೆ. ಹಳೆಯದನ್ನು ನಾನೇ ಮುಚ್ಚಿದ್ದೆ.

ಲೆಕ್ಕತಪಾಸಣೆ: ಹಾಗಾದರೆ ಎರಡು ಬೇರೆ ಬೇರೆ ತೊಂದರೆ. ಮುಚ್ಚಿದ ಖಾತೆಗೆ ಹಣ ಹೋಗುವ ಹಾಗಿಲ್ಲ, ಬದಲಿಸಲೇಬೇಕು. ಆದರೆ ಸುಮ್ಮನೆ ಬದಲಿಸಬೇಡಿ. ಈಗಿರುವ ಟಿಕೆಟ್‌ನಲ್ಲೇ ಮೊದಲು ತಿಳಿಸಿ, ಕಂಪನಿ ನೋಂದಣಿ ಪತ್ರ, ಹೊಸ ಖಾತೆಯ ಸ್ಟೇಟ್‌ಮೆಂಟ್ ಎರಡನ್ನೂ ಕಳಿಸಿ. ಎರಡರಲ್ಲೂ ಹೆಸರು ಅಕ್ಷರಶಃ ಒಂದೇ ಇರಲಿ. ಬೋರ್ಡಿನ ಮೇಲಿನ ಹೆಸರು ಲೆಕ್ಕಕ್ಕಿಲ್ಲ.

ಮೂರು ಪಾವತಿಗೆ ಪ್ರತ್ಯೇಕವಾಗಿ ಪಾವತಿ ಐಡಿ, ಬಿಲ್, ಸರಕು ತಲುಪಿದ ದಾಖಲೆ ಜೋಡಿಸಿ. ಬಿಲ್ಲಿನ ಮೊತ್ತ ಪಾವತಿಗೆ ಹೊಂದಬೇಕು. ಅಡ್ವಾನ್ಸ್ ಆಗಿದ್ದರೆ ಹಾಗಂತ ಬರೆಯಿರಿ, ಇಲ್ಲದಿದ್ದರೆ ವ್ಯತ್ಯಾಸ ಕಂಡು ವಾಪಸ್ ಕಳಿಸುತ್ತಾರೆ. ಇಡೀ ತಿಂಗಳ ಬಿಲ್ಲುಗಳ ಜಿಪ್ ಕಳಿಸಿದರೆ ಯಾರೂ ತೆರೆದು ಹುಡುಕುವುದಿಲ್ಲ.

ಗಲ್ಲಾಪೆಟ್ಟಿಗೆ: ಅಷ್ಟು ಕೊಟ್ಟರೂ ಬಿಡದಿದ್ದರೆ? 120 ದಿನ ಇಟ್ಟುಕೊಳ್ತಾರಂತೆ.

ಲೆಕ್ಕತಪಾಸಣೆ: ಕಾರ್ಡ್ ಪಾವತಿಗೆ ಗ್ರಾಹಕ ತಕರಾರು ಎತ್ತಲು ಸಾಮಾನ್ಯವಾಗಿ ಇರುವ ಗಡುವು ಅದು. ಸರಕು ತಲುಪಿರದಿದ್ದರೆ ಹಾಗೆ ಹಿಡಿಯುವ ಸಾಧ್ಯತೆ ಹೆಚ್ಚು. ಎಷ್ಟು ದಿನ ಅನ್ನೋದು ಒಪ್ಪಂದದ ‘ರಿಸರ್ವ್’ ಷರತ್ತಿನಲ್ಲಿ ಇರಬೇಕು. ಮೂರರಲ್ಲಿ ಎಷ್ಟು ತಲುಪಿವೆ?

ಪ್ರಶ್ನೆ ಕೇಳಿದವರು: ಎರಡು. ಮೂರನೆಯದು ಇನ್ನೂ ದಾರಿಯಲ್ಲಿದೆ.