ಪದಚರ್ಚೆ: ‘ಆಗುವುದಿಲ್ಲ’ ಅಂದರೆ ಅಡುಗೆಮನೆಗೆ ಏನೆಂದು ಹೇಳಬೇಕು?

ಬದಿಯಡ್ಕದಿಂದ

ನಮ್ಮದು ಇಲ್ಲಿ ಸಣ್ಣ ಹೋಟೆಲು. ಗಲ್ಲಾದಲ್ಲಿ ನಾನು ಕೂರುತ್ತೇನೆ. ಹೋದ ವಾರ ಪುತ್ತೂರು ಕಡೆಯವರೊಬ್ಬರು ಪರೋಟ, ಕುರ್ಮ ಹೇಳಿ, “ನನಗೆ ಗೇರುಬೀಜ ಆಗುವುದಿಲ್ಲ” ಅಂದರು. ಸಪ್ಲೈಯರ್ ಹುಡುಗನ ಮನೆಮಾತು ಮಲಯಾಳ. ಅವನು ಒಳಗೆ ಕೂಗಿದ್ದು “ಅಂಡಿಪ್ಪರಿಪ್ಪ್ ವೇಂಡ” ಅಂತ. ಭಟ್ಟರು ಮೇಲೆ ಕಾಣುತ್ತಿದ್ದ ನಾಲ್ಕು ಬೀಜ ಹೆಕ್ಕಿ ತೆಗೆದು ಕಳಿಸಿದರು. ಆದರೆ ಆ ಕುರ್ಮದ ಮಸಾಲೆಗೇ ಗೇರುಬೀಜ ಅರೆದು ಹಾಕಿದ್ದರು.

ಎರಡು ತುತ್ತಿಗೆ ಅವರ ತುಟಿ ಬಾತಿತು, ಗಂಟಲು ಕೆರೆಯತೊಡಗಿತು. ಹುಡುಗ ಹೆದರಿ, ಬೇರೆ ತರುತ್ತೇನೆಂದು ಆ ತಟ್ಟೆಯನ್ನು ಬಕೆಟಿಗೆ ಸುರಿದ. ನಾವು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಪುಣ್ಯಕ್ಕೆ ಸರಿಯಾದರು.

ಅವರು ‘ಆಗುವುದಿಲ್ಲ’ ಅಂದದ್ದು ಮೇಜಿನಿಂದ ಒಲೆಯ ಹತ್ತಿರ ಹೋಗುವಷ್ಟರಲ್ಲಿ ‘ಬೇಡ’ ಆಯಿತು. ಇದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ನಂಜು, ಒಗ್ಗದಿಕೆ, ಅಲರ್ಜಿ, ಇವುಗಳಲ್ಲಿ ಯಾವ ಪದ ಹೇಳಿದರೆ ಭಟ್ಟರ ಕೈ ನಿಲ್ಲುತ್ತದೆ?

ಪೆರ್ಲದಿಂದ

‘ನಂಜು’ ನಮ್ಮದೇ ಪದ, ಅದನ್ನೇ ಹೇಳಿ. ಕಾಲಿಗೆ ಗಾಯವಾದಾಗ ಬದನೆ ನಂಜು ಅಂತ ಅಜ್ಜಿ ಕೊಡುತ್ತಿರಲಿಲ್ಲ. ಗಾಯ ಒಣಗಿದ ಮೇಲೆ ತಿನ್ನುತ್ತಿದ್ದೆವು. ನನಗೂ ಹಾಲು ಆಗುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ. ಆದರೆ ಚಹಾಕ್ಕೆ ಹಾಕಿದಷ್ಟು ಹಾಲು ಏನೂ ಮಾಡುವುದಿಲ್ಲ. ನೀವೂ ಕುರ್ಮ ಸ್ವಲ್ಪ ಕಡಿಮೆ ಬಡಿಸಿದ್ದರೆ ಆಗುತ್ತಿತ್ತೋ ಏನೋ.

ಮುಳ್ಳೇರಿಯದಿಂದ

ಗೇರುಬೀಜದ ಸಿಪ್ಪೆಯಲ್ಲಿ ಸೊನೆ ಇದೆ, ತಾಗಿದರೆ ಚರ್ಮ ಸುಡುತ್ತದೆ. ನಮ್ಮ ತೋಟದಲ್ಲಿ ಎಷ್ಟು ಜನರ ಕೈ ಸುಟ್ಟಿಲ್ಲ! ಹಸಿ ಬೀಜ ಹಾಕಿರಬೇಕು. ಚೆನ್ನಾಗಿ ಹುರಿದು ಹಾಕಿದರೆ ಆ ದೋಷ ಹೋಗುತ್ತದೆ.

ಕುಂಬಳೆಯಿಂದ

ನಾನು ದುಬೈಯ ಹೋಟೆಲ್ ಅಡುಗೆಮನೆಯಲ್ಲಿ 14 ವರ್ಷ ಇದ್ದೆ. ಮುಳ್ಳೇರಿಯದವರು ಸೊನೆಯ ಬಗ್ಗೆ ಹೇಳಿದ್ದು ನಿಜ. ಆದರೆ ಅದು ಸಿಪ್ಪೆಯ ಮಾತು. ಅಲರ್ಜಿ ಬರುವುದು ಒಳಗಿನ ತಿರುಳಿನ ಪ್ರೋಟೀನಿನಿಂದ. ಹುರಿದರೂ ಕುದಿಸಿದರೂ ಅದು ಹೋಗುತ್ತದೆ ಅಂತ ನಂಬುವ ಹಾಗಿಲ್ಲ. ಪೆರ್ಲದವರಿಗೆ ಆಗುವುದು ಹಾಲಿನ ಸಕ್ಕರೆ ಜೀರ್ಣವಾಗದ ತೊಂದರೆ ಇರಬೇಕು. ಅಲ್ಲಿ ‘ಕಡಿಮೆ’ ಅನ್ನುವ ಮಾತು ನಡೆಯುತ್ತದೆ. ಅಲರ್ಜಿಯಲ್ಲಿ ನಡೆಯುವುದಿಲ್ಲ, ಸೌಟಿಗೆ ಅಂಟಿದಷ್ಟೂ ಕೆಲವರಿಗೆ ಜಾಸ್ತಿ. ಹಾಗಾಗಿ ‘ನಂಜು’ ಬೇಡ. ಭಟ್ಟರಿಗೆ ಅದು ಪಥ್ಯದ ಹಾಗೆ ಕೇಳುತ್ತದೆ.

ಮೇಜಿನಲ್ಲಿ ಹುಡುಗ ಕೇಳಬೇಕಾದ್ದು ಒಂದೇ: “ತಿಂದರೆ ನಿಮಗೆ ಏನಾಗುತ್ತದೆ?” ತುಟಿ, ಗಂಟಲು, ಉಸಿರು ಅಂದರೆ ಅದು ಅಲರ್ಜಿ. ಒಳಗೆ ಕೂಗಬಾರದು, ಚೀಟಿಯಲ್ಲಿ ಬರೆದು ಭಟ್ಟರ ಕೈಗೇ ಕೊಡಬೇಕು. ಹೆಕ್ಕಿ ತೆಗೆಯುವ ಮಾತೇ ಇಲ್ಲ. ಒಬ್ಬರೇ ಸೋಪು ಹಾಕಿ ಕೈ ತೊಳೆದು, ತೊಳೆದ ಬಾಣಲೆ, ಬೇರೆ ಸೌಟು, ಹೊಸ ಎಣ್ಣೆಯಲ್ಲಿ ಮೊದಲಿಂದ ಮಾಡಬೇಕು. ಬೀಜ ಹುರಿದ ತುಪ್ಪದಲ್ಲೇ ಒಗ್ಗರಣೆ ಕೊಡುವ ಅಭ್ಯಾಸ ನಮ್ಮಲ್ಲಿದೆ ಅಲ್ವಾ, ಅಲ್ಲೇ ತಪ್ಪುವುದು. ಸಿದ್ಧ ಮಸಾಲೆ ಪ್ಯಾಕೆಟಿನ ಹಿಂಬದಿಯನ್ನೂ ಓದಬೇಕು. ಖಾತ್ರಿ ಇಲ್ಲದಿದ್ದರೆ ‘ಕೊಡಲಾಗುವುದಿಲ್ಲ’ ಅಂತ ಹೇಳಿಬಿಡಿ.

ತಿಂದು ತೊಂದರೆ ಶುರುವಾದ ಮೇಲೆ ಮೊದಲು ಮನುಷ್ಯರು, ಆಮೇಲೆ ತಟ್ಟೆ. ಉಸಿರು ಕಟ್ಟಿದರೆ, ಸ್ವರ ಬದಲಾದರೆ, ತಲೆ ತಿರುಗಿದರೆ ಕೂಡಲೇ 108. ಅವರ ಚೀಲದಲ್ಲಿ ಅಡ್ರಿನಲಿನ್ ಪೆನ್ ಅನ್ನುವ ಚುಚ್ಚುಮದ್ದು ಇದ್ದರೆ ತೊಡೆಗೆ ಕೊಡಬೇಕು. ತುರಿಕೆಯ ಮಾತ್ರೆ ನುಂಗಿಸಿ ಕಾಯುತ್ತಾ ಕೂರಬಾರದು. ಅವರನ್ನು ನಡೆಸಬೇಡಿ. ಮಲಗಿಸಿ, ಉಸಿರಾಟ ಕಷ್ಟವಾದರೆ ಕೂರಿಸಿ. ಸರಿಯಾದ ಹಾಗೆ ಕಂಡರೂ ಕೆಲವು ಗಂಟೆ ಬಿಟ್ಟು ಮತ್ತೆ ಬರಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವುದು.

ತಟ್ಟೆಯನ್ನು ಮುಚ್ಚಿ ಬದಿಗಿಡಬೇಕಿತ್ತು. ಏನು ತಿಂದರು ಅಂತ ಡಾಕ್ಟರು ಕೇಳಿದರೆ ತೋರಿಸಲು ಅದೊಂದೇ ಇದ್ದದ್ದು. ಏನೇನು ಹಾಕಿದ್ದೀರಿ ಅಂತ ಆಗಲೇ ಬರೆದುಕೊಳ್ಳಿ. ಹಾಗೆಯೇ, ಅದೇ ಕುರ್ಮ ಹೋದ ಬೇರೆ ಮೇಜುಗಳಲ್ಲೂ ಹೋಗಿ ಕೇಳಬೇಕು.

ನೀರ್ಚಾಲಿನಿಂದ

ಭಟ್ಟರಿಗೆ ‘ಮುಸುರೆ’ ಅನ್ನಿ. ಅನ್ನದ ಸೌಟು ಮಜ್ಜಿಗೆಗೆ ತಾಗಿದರೆ ಏನೆಂದು ಅವರಿಗೆ ಹುಟ್ಟಿನಿಂದ ಗೊತ್ತು. ‘ಗೇರುಬೀಜದ ಮುಸುರೆ ಕೂಡ ತಾಗಬಾರದು’ ಅಂದರೆ ಮತ್ತೆ ವಿವರಿಸಬೇಕಾಗಿಲ್ಲ. ಬರವಣಿಗೆಗೆ ‘ಒಗ್ಗದಿಕೆ’ ನನಗಿಷ್ಟ. ಆದರೆ ಪೆರ್ಲದವರ ಹಾಲಿಗೂ ಅದೇ ಪದ ಬರುತ್ತದಲ್ಲ, ಅದೇ ತೊಡಕು.

ಕುಂಬಳೆಯಿಂದ, ಮತ್ತೆ

ಮುಸುರೆ ಚಂದದ ಪದ. ಒಂದೇ ಭಯ ನನಗೆ. ನೀರು ಮುಟ್ಟಿದರೆ ಮುಸುರೆ ಹೋಯಿತು ಅಂತ ನಮ್ಮವರ ಲೆಕ್ಕ. ಇದಕ್ಕೆ ಸೋಪು ಹಾಕಿ ಉಜ್ಜಲೇಬೇಕು.

ಬದಿಯಡ್ಕದಿಂದ

ಇವತ್ತು ಚೀಟಿ ಮಾಡಿಸಿದೆ: “ಗೇರುಬೀಜ ಅಲರ್ಜಿ. ಮೇಜು 4. ಮುಸುರೆಯೂ ಬೇಡ, ಸೋಪಿನಲ್ಲಿ ತೊಳೆದು ಹೊಸದಾಗಿ.” ಭಟ್ಟರು ಓದಿ, “ಹಾಗಾದರೆ ಗೋಡಂಬಿ ಹಾಕಬಹುದಾ?” ಅಂತ ಕೇಳಿದರು. ಅವರು ಘಟ್ಟದ ಮೇಲಿನವರು. ಎರಡೂ ಹೆಸರು ಬರೆಯಬೇಕಾಯಿತು. ಮಲಯಾಳದಲ್ಲಿ ‘ಮುಸುರೆ’ಗೆ ಏನನ್ನುತ್ತಾರೆ, ಯಾರಿಗಾದರೂ ಗೊತ್ತೇ?